ಪತ್ರಕ್ಕೆ ಸೇರದ ಕೊಸರು

ಪತ್ರ ಬರೆಯಲು ಕೂತವರು ಓರಗಿತ್ತಿಯರಿಬ್ಬರು. ಪೆನ್ನು ಚಿಕ್ಕವಳ ಕೈಯಲ್ಲಿತ್ತು, ಮಾತು ದೊಡ್ಡವಳ ಬಾಯಲ್ಲಿತ್ತು. ಹೊಲಿಗೆ ಮೇಜಿನ ಮೇಲಿದ್ದ ಬಟ್ಟೆ ಚೂರು, ಗುಂಡಿ ಡಬ್ಬಿ, ಅರ್ಧ ಹೊಲಿದ ರವಿಕೆ ಎಲ್ಲವನ್ನೂ ಒಂದು ಮೂಲೆಗೆ ತಳ್ಳಿ ಬಿಳಿ ಹಾಳೆಗೆ ಜಾಗ ಮಾಡಿದ್ದರು.

ದೊಡ್ಡವಳನ್ನು ಮನೆಯ ಮಕ್ಕಳು ದೊಡ್ಡಮ್ಮ ಅನ್ನುತ್ತಿದ್ದರು. ಮಕ್ಕಳು ಕರೆದದ್ದನ್ನೇ ಕೇಳಿ ಕೇಳಿ ಬೀದಿಯೂ ಹಾಗೇ ಕರೆಯತೊಡಗಿತ್ತು. ತಲೆ ನರೆಯುವ ತನಕ ಅವಳು ದುಡಿದದ್ದು ಬಟ್ಟೆ ಮಿಲ್ಲಿನ ಕ್ಯಾಂಟೀನಿನಲ್ಲಿ. ಮಿಲ್ಲಿನವರು ಕ್ಯಾಂಟೀನನ್ನು ಹೊರಗಿನ ಕಂಟ್ರಾಕ್ಟುದಾರನಿಗೆ ವಹಿಸಿದಾಗ ಅವನು ತನ್ನದೇ ಜನ, ತನ್ನದೇ ಪಾತ್ರೆ ತಂದ. ಹಳೆಯ ದೊಡ್ಡ ಬಾಣಲೆ, ಎರಡು ಜಾಲರಿ ಸೌಟು, ದಪ್ಪ ಬರ್ನರಿನ ಒಲೆ ಗುಜರಿಗೆ ಹೋಗಬೇಕಿತ್ತು. ದೊಡ್ಡಮ್ಮ ಅವನ್ನೆಲ್ಲ ಗುಜರಿಯ ದರಕ್ಕೇ ಕೊಂಡು, ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಮನೆಯ ಹಿಂದಿನ ಕೋಣೆಯಲ್ಲಿ ಇಳಿಸಿದಳು.

ತಕರಾರು ಇದ್ದದ್ದು ಆ ಕೋಣೆಯದೇ. ಚಿಕ್ಕವಳು ಟೈಲರು. ಹೊಲಿಗೆ ಕೈತುಂಬ ಬರುತ್ತಿತ್ತು, ಇನ್ನೊಂದು ಮಿಷನ್ನು ಬೇಕಿತ್ತು, ನಿಂತು ಬಟ್ಟೆ ಕತ್ತರಿಸಲು ಉದ್ದನೆಯ ಮೇಜು ಬೇಕಿತ್ತು. ಅದನ್ನೆಲ್ಲ ಹಾಕಲು ಮನೆಯಲ್ಲಿ ಇದ್ದದ್ದು ಅದೊಂದೇ ಕೋಣೆ. ಚಿಕ್ಕವಳ ಗಂಡ ಮೀಟರ್ ಓದುವ ಕೆಲಸದವನು, ಮನೆ ಮನೆ ತಿರುಗಿ ನೂರಾರು ಜಗಳ ನೋಡಿದವನು. ಒಂದು ದಿನ ಊಟಕ್ಕೆ ಕೂತು ತೀರ್ಪು ಕೊಟ್ಟ.

"ಅತ್ತಿಗೆ, ಒಲೆ ದುಡಿದ್ರೆ ಒಲೆ ಇರ್ಲಿ. ದುಡೀದೆ ಸುಮ್ನೆ ಕೂತಿದ್ರೆ ಮಿಷನ್ ಬರ್ಲಿ. ನಾನಂತೂ ಯಾರ ಕಡೆನೂ ಅಲ್ಲ."

"ಯಾರ ಕಡೆನೂ ಅಲ್ಲದೋರು ನಾಳೆ ಊಟಕ್ಕೆ ಯಾರ ಕಡೆ ಬರ್ತಾರೋ ನೋಡ್ತೀನಿ," ಎಂದು ಚಿಕ್ಕವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು.

ಒಲೆ ದುಡಿಯುವುದು ಅಂದರೆ ಏನು? ದೊಡ್ಡಮ್ಮ ಕರಿಯುವ ಖಾರದ ಕಡ್ಡಿ, ಸಿಹಿ ಬಿಲ್ಲೆ ತಿಂದವರು ಎರಡನೇ ಸಲ ಕೈ ಚಾಚದೆ ಇದ್ದದ್ದಿಲ್ಲ. ಆದರೆ ಕೈ ಚಾಚುವವರೆಲ್ಲ ನೆಂಟರು, ನೆರೆಯವರು. ನೆಂಟರಿಗೆ ಮಾರುವುದು ಅವಳಿಂದ ಆಗದ ಮಾತು. ಹಾಗಾಗಿ ಬೀದಿಯ ತಿರುವಿನಲ್ಲಿದ್ದ ದಿನಸಿ ಅಂಗಡಿಯವನಿಗೆ ಪತ್ರ ಬರೆಯುವುದು ಎಂದಾಯಿತು. ಬಾಯಲ್ಲಿ ಹೇಳಿದರೆ ಅವನು ಗಿರಾಕಿಗಳ ಗಲಾಟೆಯಲ್ಲಿ "ಆಯ್ತು ನೋಡೋಣಮ್ಮ" ಅಂದುಬಿಡುತ್ತಾನೆ. ಕಾಗದ ಕೊಟ್ಟರೆ ಓದಲೇಬೇಕಲ್ಲ, ಎಂಬುದು ಚಿಕ್ಕವಳ ಲೆಕ್ಕ. ಈ ಪತ್ರ ಗೆದ್ದರೆ ಕೋಣೆ ಕೈತಪ್ಪುವುದು ಅವಳಿಗೇ. ಆದರೂ ಅವಳು ಅಳತೆ ತೆಗೆದುಕೊಳ್ಳುವಾಗಿನಷ್ಟೇ ಶ್ರದ್ಧೆಯಿಂದ ಬರೆಯುತ್ತಿದ್ದಳು. ಕೆಲಸದಲ್ಲಿ ವಂಚನೆ ಅವಳ ಜಾಯಮಾನವಲ್ಲ.

"ಓದ್ತೀನಿ ಕೇಳಿ ಅಕ್ಕ," ಎಂದು ಶುರು ಮಾಡಿದಳು.

"ಮಾನ್ಯರೇ, ನಾವು ಮನೆಯಲ್ಲಿ ತಯಾರಿಸುವ ಖಾರದ ಕಡ್ಡಿ ಮತ್ತು ಸಿಹಿ ಬಿಲ್ಲೆಗಳನ್ನು ಪ್ರತಿ ವಾರ ನಿಮ್ಮ ಅಂಗಡಿಗೆ ಒದಗಿಸಲು ಇಚ್ಛಿಸುತ್ತೇವೆ. ನೀವು ಮುಂಗಡ ಹಣ ಕೊಡಬೇಕಾಗಿಲ್ಲ. ಮಾರಾಟವಾದ ಪೊಟ್ಟಣಗಳ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತು ನಿಮ್ಮ ಕಮಿಷನ್. ಉಳಿದದ್ದನ್ನು ವಾರಕ್ಕೊಮ್ಮೆ ನಾವೇ ವಾಪಸು ಪಡೆದು ಹೊಸ ಮಾಲು ಇಡುತ್ತೇವೆ; ಅದರ ನಷ್ಟ ನಮ್ಮದು. ಮನೆಯಲ್ಲಿ ತಿಂಡಿ ಮಾಡಿ ಮಾರಲು ಬೇಕಾದ ನೋಂದಣಿ ಮಾಡಿಸಿದ್ದೇವೆ. ಪ್ರತಿ ಪೊಟ್ಟಣವನ್ನೂ ತೂಗಿ, ತಯಾರಿಸಿದ ದಿನಾಂಕ, ಬಳಸಬೇಕಾದ ಕೊನೆಯ ದಿನಾಂಕ, ಸಾಮಗ್ರಿ, ತೂಕ, ಬೆಲೆ, ನಮ್ಮ ವಿಳಾಸ ಬರೆದ ಚೀಟಿ ಅಂಟಿಸುತ್ತೇವೆ. ರುಚಿ ನೋಡಲು ಎರಡು ಪೊಟ್ಟಣ ಇದರೊಂದಿಗೆ ಇಟ್ಟಿದ್ದೇವೆ."

ದೊಡ್ಡಮ್ಮ ತಲೆದೂಗಿದಳು. "ಎಲ್ಲ ಚೆನ್ನಾಗಿದೆ. ಇನ್ನೊಂದು ಮಾತು ಸೇರಿಸು. ಪ್ರತಿ ಪೊಟ್ಟಣದಲ್ಲೂ ತೂಕದ ಮೇಲೆ ಒಂದು ಹಿಡಿ ಕೊಸರು ಇರುತ್ತೆ ಅಂತ."

"ಅಕ್ಕ, ಇದು ವ್ಯವಹಾರದ ಪತ್ರ. ಅಲ್ಲಿ ಕೊಸರು ಗಿಸರು ಬರೀಬಾರ್ದು."

"ಯಾಕೆ ಬರೀಬಾರ್ದು? ಸುಳ್ಳೇನಲ್ವಲ್ಲ."

"ಚೀಟೀಲಿ ಇನ್ನೂರು ಗ್ರಾಂ ಅಂತ ಇರುತ್ತೆ. ಒಳಗೆ ಇನ್ನೂರು ಗ್ರಾಂ ಇರ್ಬೇಕು. ರವಿಕೆಗೆ ಬಟ್ಟೆ ಮಿಕ್ತು ಅಂತ ನಾನು ಮೂರನೇ ತೋಳು ಹೊಲೀತೀನಾ?"

ದೊಡ್ಡಮ್ಮನಿಗೆ ನಗು ಬಂತು. ನಗುವಿನಲ್ಲೇ ಆ ಮಾತು ಬಿದ್ದುಹೋಯಿತು ಎಂದುಕೊಂಡಳು ಚಿಕ್ಕವಳು. ಬೀಳಲಿಲ್ಲ. ದೊಡ್ಡಮ್ಮ ಅದನ್ನು ಸೆರಗಿನ ಗಂಟಿಗೆ ಹಾಕಿಕೊಂಡಂತೆ ಒಳಗೇ ಇಟ್ಟುಕೊಂಡಳು.

ಅಂಗಡಿಯವನನ್ನು ಬೀದಿಯವರು ತಕ್ಕಡಿಯಪ್ಪ ಅನ್ನುತ್ತಿದ್ದರು. ಎದುರಿಗಲ್ಲ, ಹಿಂದಿನಿಂದ. ಅಪ್ಪನ ಕಾಲದ ಹಿತ್ತಾಳೆ ತಕ್ಕಡಿಯನ್ನು ಅವನು ಕೌಂಟರಿನ ಮೇಲೆ ತೂಗುಹಾಕಿ ದಿನಾ ಒರೆಸುತ್ತಿದ್ದ, ತೂಗುತ್ತಿದ್ದದ್ದು ಮಾತ್ರ ಪಕ್ಕದ ಕರೆಂಟಿನ ತಕ್ಕಡಿಯಲ್ಲಿ. ತೂಕದಲ್ಲಿ ಒಂದು ಕಾಳು ಆಚೆ ಹೋಗಲೂ ಬಿಡ, ಈಚೆ ಬರಲೂ ಬಿಡ ಎಂಬುದು ಅವನ ಖ್ಯಾತಿ. ಬೈಯುವವರೂ ಅದಕ್ಕೇ ಬೈಯುತ್ತಿದ್ದರು, ಹುಡುಕಿಕೊಂಡು ಬರುವವರೂ ಅದಕ್ಕೇ ಬರುತ್ತಿದ್ದರು.

ಅವನು ಪತ್ರವನ್ನು ನಿಂತೇ ಓದಿದ. ಒಂದು ಕಡ್ಡಿ ಮುರಿದು ಬಾಯಿಗೆ ಹಾಕಿಕೊಂಡು ಮತ್ತೊಮ್ಮೆ ಓದಿದ.

"ನಂಬರು ಸಿಕ್ಕಿದ್ಯಾಮ್ಮ, ನೋಂದಣೀದು?"

ಚಿಕ್ಕವಳು ಚೀಟಿಯ ಕೆಳಗಿನ ಸಾಲು ತೋರಿಸಿದಳು.

"ಇಪ್ಪತ್ತು ಕಡಿಮೆ ಆಯ್ತು. ಇಪ್ಪತ್ತೈದು ಮಾಡಿ."

"ಇಪ್ಪತ್ತೈದು ಅಂದ್ರೆ ಉಳಿದಿದ್ದು ನಿಮ್ದೇ," ಎಂದಳು ಚಿಕ್ಕವಳು. "ವಾಪಸು ತಗೊಳ್ಳಲ್ಲ."

ತಕ್ಕಡಿಯಪ್ಪ ಎರಡನೇ ಕಡ್ಡಿಗೆ ಕೈ ಹಾಕಿದ. "ಟೈಲರಮ್ಮ, ನೀವು ಬಟ್ಟೆ ಅಳತೆ ಮಾಡೋದು ನೋಡಿದ್ದೆ, ಮನುಷ್ಯರನ್ನೂ ಅಳೀತೀರಿ. ಇಪ್ಪತ್ತೇ ಇರ್ಲಿ. ವಾರಕ್ಕೊಂದು ಸಲ, ಒಂದೇ ದಿನ, ಬೆಳಗ್ಗೆ ಗಿರಾಕಿ ಬರೋಕೆ ಮುಂಚೆ ತರ್ಬೇಕು. ಹಳೇ ಪೊಟ್ಟಣ ಮುಂದೆ, ಹೊಸದು ಹಿಂದೆ ಜೋಡಿಸ್ಬೇಕು. ಒಂದು ತಿಂಗಳು ನೋಡ್ತೀನಿ. ಗಿರಾಕಿ ಬಾಯಿಂದ ಒಂದು ಕೆಟ್ಟ ಮಾತು ಬಂತೋ, ಎತ್ಕೊಂಡು ಹೋಗ್ತಾ ಇರ್ಬೇಕು."

ಹಾಗೆ ಕೆಲಸ ಶುರುವಾಯಿತು. ದೊಡ್ಡಮ್ಮ ನಸುಕಿಗೆ ಎದ್ದು ಹಿಟ್ಟು ಕಲಸುವಳು. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡಲು ಅವಳಿಗೆ ಒಂದು ಚೂರು ಹಿಟ್ಟು ಸಾಕು. ಅದು ತಳ ಮುಟ್ಟಿ ಎದ್ದು ಬರುವ ವೇಗದಲ್ಲೇ ಗೊತ್ತಾಗುತ್ತಿತ್ತು. ಕರಿದದ್ದನ್ನು ಕಾಗದದ ಮೇಲೆ ಹರಡಿ ಪೂರಾ ಆರಲು ಬಿಡುವಳು. ಬಿಸಿಯಲ್ಲಿ ಕಟ್ಟಿದರೆ ಪೊಟ್ಟಣ ಒಳಗಿಂದ ಬೆವರುತ್ತದೆ, ಎರಡು ದಿನಕ್ಕೆ ಕಡ್ಡಿ ಚರ್ಮದ ಹಾಗೆ ಆಗುತ್ತದೆ. ಮಧ್ಯಾಹ್ನ ಚಿಕ್ಕವಳು ಮಿಷನ್ನು ನಿಲ್ಲಿಸಿ ಬಂದು ಚೀಲಗಳಿಗೆ ತುಂಬಿ ತೂಗಿ ಸಾಲಾಗಿ ಇಡುವಳು. ದೊಡ್ಡಮ್ಮ ಕೊನೆಯಲ್ಲಿ ಕೂತು ಒಂದೊಂದರ ಬಾಯಿಯನ್ನು ಸೀಲು ಮಾಡುವ ಯಂತ್ರಕ್ಕೆ ಕೊಟ್ಟು ಒತ್ತುವಳು.

ತೂಕ ಆದ ಮೇಲೆ, ಸೀಲು ಆಗುವ ಮೊದಲು, ಪೊಟ್ಟಣ ಅವಳೊಬ್ಬಳ ಕೈಯಲ್ಲೇ ಇರುತ್ತಿತ್ತು. ಕ್ಯಾಂಟೀನಿನಲ್ಲಿ ಅವಳು ಯಾವತ್ತೂ ತೂಗಿ ಬಡಿಸಿದವಳಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಒಂದು ಹಿಡಿ ಜಾಸ್ತಿ. ಹೊಸದಾಗಿ ಸೇರಿ ನಾಚಿಕೊಂಡು ನಿಂತವನಿಗೆ ಕೇಳದೆಯೇ ಇನ್ನೊಂದು ಹಿಡಿ. ಎದುರಿಗಿದ್ದವನ ಮುಖ ನೋಡಿ ಕೈ ತಾನಾಗಿ ತುಂಬಿಕೊಳ್ಳುತ್ತಿತ್ತು. ಇಲ್ಲಿ ಮುಖಗಳಿರಲಿಲ್ಲ, ಪೊಟ್ಟಣಗಳಿದ್ದವು. ಆದರೂ ಕೈ ಬಿಡಲಿಲ್ಲ. ಮುರುಕಲು ಜಾಸ್ತಿ ಇದ್ದ ಪೊಟ್ಟಣ ಕಂಡರೆ, ಪಾಪ ಇದನ್ನು ಕೊಂಡವರಿಗೆ ಅನ್ಯಾಯ ಎಂದು ಒಂದು ದೊಡ್ಡ ಹಿಡಿ. ಇಡಿಯಾಗಿದ್ದದ್ದಕ್ಕೆ ನಾಲ್ಕು ಕಡ್ಡಿ. ಕೈ ಸೋತ ಹೊತ್ತಲ್ಲಿ ಎರಡು. ಪತ್ರದಲ್ಲಿ ಬರೆಯಬೇಡ ಎಂದಳೇ ಹೊರತು ಹಾಕಬೇಡ ಎನ್ನಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೊದಲ ವಾರ ಮಾಲು ಅಷ್ಟೂ ಹೋಯಿತು. ಎರಡನೇ ವಾರ ಅರ್ಧ ವಾರಕ್ಕೇ ಮುಕ್ಕಾಲು ಹೋಯಿತು. ಮೈದುನ ಅಂಗಡಿ ಮುಂದೆ ಹಾದು ಬಂದು "ಅತ್ತಿಗೆ, ನಿಮ್ ಕಡ್ಡಿ ಖಾಲಿ ಆಗ್ತಾ ಬಂತು, ಪಕ್ಕದ ಕಂಪನಿ ಬಿಸ್ಕತ್ತು ಮುಖ ಸಪ್ಪೆ ಮಾಡ್ಕೊಂಡು ಕೂತಿದೆ" ಎಂದ. ಚಿಕ್ಕವಳು ನಕ್ಕಳು. ನಕ್ಕ ಮೇಲೆ ತನ್ನ ಮಿಷನ್ನಿನ ಪಕ್ಕದ ಇಕ್ಕಟ್ಟು ಮೂಲೆಯನ್ನು ಒಂದು ಸಲ ನೋಡಿ, ಮತ್ತೆ ಸೂಜಿಗೆ ದಾರ ಪೋಣಿಸಿದಳು. ದೊಡ್ಡಮ್ಮ ಅದನ್ನು ಕಂಡಳು.

ಮೂರನೇ ವಾರ ಇಬ್ಬರೂ ಹೊಸ ಮಾಲು ಹೊತ್ತು ಹೋದಾಗ ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಒಳಗೆ ಜಗಳ ಮಾತ್ರ ಅದಕ್ಕೂ ಮುಂಚೆ ಬಂದು ಸೇರಿತ್ತು. ಬೀದಿಯ ಕೊನೆಯ ಮನೆಯ ನರ್ಸಮ್ಮ ರಾತ್ರಿ ಡ್ಯೂಟಿ ಮುಗಿಸಿ ಹಾಗೇ ಬಂದಿದ್ದಳು, ಕೈಯಲ್ಲಿ ನಿನ್ನೆ ಡ್ಯೂಟಿಗೆ ಹೋಗುವಾಗ ಕೊಂಡ ಎರಡು ಪೊಟ್ಟಣ.

"ಒಂದೇ ಬೆಲೆ, ಒಂದೇ ಚೀಟಿ. ಕೈಯಲ್ಲಿ ಹಿಡ್ದು ನೋಡಿ ಯಜಮಾನ್ರೇ. ಇದು ತುಂಬಿದ ಬಸುರಿ ಥರ ಇದೆ, ಇದು ನಾಲ್ಕು ದಿನ ಜ್ವರ ಬಂದೋರ ಥರ. ಇದ್ರಲ್ಲಿದ್ದಿದ್ದು ಎಲ್ಲಿ ಹೋಯ್ತು?"

"ನಾನೇನು ಸೀಲು ಬಿಚ್ಚಿ ತಿಂದ್ನಾ?" ಎಂದ ತಕ್ಕಡಿಯಪ್ಪ. ಕಿವಿ ಕೆಂಪಾಗಿತ್ತು.

"ನನಗೇನ್ ಗೊತ್ತು! ನಮ್ ವಾರ್ಡಲ್ಲೂ ಎಲ್ರೂ ನಾನಲ್ಲ ನಾನಲ್ಲ ಅಂತಾನೇ ಹೇಳೋದು."

ತಕ್ಕಡಿಯಪ್ಪನಿಗೆ ಈ ಓರಗಿತ್ತಿಯರು ಕಂಡರು. ಎರಡೂ ಪೊಟ್ಟಣ ತಕ್ಕಡಿಗೆ ಹಾಕಿದ. ತೆಳ್ಳಗಿದ್ದದ್ದೂ ಇನ್ನೂರರ ಮೇಲೇ ಇತ್ತು; ದಪ್ಪಗಿದ್ದದ್ದು ಅದಕ್ಕಿಂತಲೂ ಇನ್ನೊಂದು ಹಿಡಿ ಜಾಸ್ತಿ ತೂಗಿತು. ಶೆಲ್ಫಿನಲ್ಲಿ ಉಳಿದಿದ್ದ ಪೊಟ್ಟಣಗಳನ್ನೂ ಒಂದೊಂದಾಗಿ ಹಾಕಿದ. ಕಡಿಮೆ ಒಂದೂ ಇರಲಿಲ್ಲ. ಒಂದರಂತೆ ಇನ್ನೊಂದೂ ಇರಲಿಲ್ಲ. ಜನ ಆರಿಸಿ ಆರಿಸಿ, ಒತ್ತಿ ನೋಡಿ ಇಟ್ಟು, ಉಳಿದವುಗಳ ಕಡ್ಡಿಯೆಲ್ಲ ಪುಡಿಯಾಗಿತ್ತು.

"ನಿಮಗೆ ಮೋಸ ಆಗಿಲ್ಲ, ಲಾಭಾನೇ ಆಗಿದೆ ನೋಡಿ," ಎಂದು ಅವನು ಎರಡೂ ಪೊಟ್ಟಣವನ್ನು ನರ್ಸಮ್ಮನ ಕೈಗೆ ಕೊಟ್ಟ.

ನರ್ಸಮ್ಮ ಅವನ್ನು ಚೀಲಕ್ಕೆ ಹಾಕಿಕೊಂಡು "ಲಾಭ ಆದ್ರೂ ಎಲ್ರಿಗೂ ಒಂದೇ ಥರ ಆಗ್ಬೇಕಪ್ಪ" ಎಂದು ಹೊರಟುಹೋದಳು.

ಚಿಕ್ಕವಳು ಶೆಲ್ಫಿನ ಒಂದು ಪೊಟ್ಟಣ ಎತ್ತಿ ಚೀಟಿ ನೋಡಿದಳು. "ನಾನೇ ತೂಗಿದ್ದು ಯಜಮಾನ್ರೇ. ಒಂದೊಂದೂ ಇನ್ನೂರಕ್ಕೇ ನಿಲ್ಸಿದ್ದೀನಿ," ಎಂದಳು. ಆಮೇಲೆ ಮೆಲ್ಲಗೆ, ದೊಡ್ಡಮ್ಮನಿಗೆ ಮಾತ್ರ ಕೇಳುವಂತೆ, "ತೂಗಿದ್ದೂ ನಾನೇ, ಕೋಣೆ ಬೇಕಿದ್ದಿದ್ದೂ ನನಗೇ. ಬೇಕಂತ ಕೆಡಿಸಿದ್ಲು ಅಂತಾರಲ್ಲ ಅಕ್ಕ."

ಕೋಣೆ ಹೋಗುವುದನ್ನು ದೊಡ್ಡಮ್ಮ ಎಷ್ಟೋ ಸಲ ಯೋಚಿಸಿದ್ದಳು. ತನ್ನ ಹಿಡಿ ಕಡ್ಡಿ ಹೋಗಿ ಓರಗಿತ್ತಿಯ ಮಾನಕ್ಕೆ ತಗಲುತ್ತದೆ ಎಂದು ಯೋಚಿಸಿರಲಿಲ್ಲ.

"ಅವಳಲ್ಲಪ್ಪ," ಎಂದಳು. "ಅವಳು ತೂಗಿ ಇಟ್ಟಿದ್ದು ಸರಿಯಾಗೇ ಇತ್ತು. ಆಮೇಲೆ ಹಾಕಿದ್ದು ನಾನು. ಕೊಸರು ಅಂತ."

ತಕ್ಕಡಿಯಪ್ಪ ತೂಗಿದ ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿದ. "ಅಮ್ಮಾ, ಕಡಿಮೆ ಕೊಟ್ಟು ಕಳ್ಳ ಅನ್ನಿಸ್ಕೊಂಡೋರನ್ನ ನಾನು ನೋಡಿದ್ದೀನಿ. ನೀವು ಜಾಸ್ತಿ ಕೊಟ್ಟು ನನ್ನನ್ನ ಕಳ್ಳನ ಮಾಡಿದ್ರಲ್ಲ!"

"ಜಾಸ್ತಿ ಹೋಗಿದ್ದು ನನ್ ಪಾಲಿಂದ ತಾನೆ? ನಿಮ್ ಕಮಿಷನ್ ಕಮ್ಮಿ ಆಯ್ತಾ?"

"ಕಮಿಷನ್ ಕಮ್ಮಿ ಆಗ್ಲಿಲ್ಲ. ಹೆಸರು ಕಮ್ಮಿ ಆಯ್ತು." ಅವನು ಹಿತ್ತಾಳೆ ತಕ್ಕಡಿಯ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. "ಮುಖ ನೋಡಿ ಬಡಿಸೋದು ಬೇರೆ, ಶೆಲ್ಫಲ್ಲಿ ಇಡೋದು ಬೇರೆ. ಶೆಲ್ಫಿಗೆ ಬರೋರು ಯಾರು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊದಲು ಬಂದೋರಿಗೆ ದಪ್ಪಂದು, ಆಮೇಲೆ ಬಂದೋರಿಗೆ ತೆಳ್ಳಂದು. ಇದು ಯಾವ ಸೀಮೆ ಧರ್ಮ? ಇವತ್ತಿನ ಮಾಲು ಎತ್ಕೊಂಡು ಹೋಗಿ. ಸರಿಯಾದ್ರೆ ಮುಂದಿನ ವಾರ ಬನ್ನಿ, ಇಲ್ಲಾಂದ್ರೆ ಬೇಡ."

ಹೊತ್ತು ತಂದದ್ದನ್ನು ಹಾಗೇ ಹೊತ್ತುಕೊಂಡು ಹಿಂದಿರುಗಿದರು. ದಾರಿಯಲ್ಲಿ ಚಿಕ್ಕವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ದೊಡ್ಡಮ್ಮನಿಗೆ. ಮನೆಯಲ್ಲಿ ವಿಷಯ ತಿಳಿದ ಮೈದುನ ಸಂಜೆ ಹಿಂದಿನ ಕೋಣೆಗೆ ಹೋಗಿ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತದ್ದು ಕಂಡು ಟೇಪನ್ನು ಗಬಕ್ಕನೆ ಜೇಬಿಗೆ ತುರುಕಿದ.

"ಸುಮ್ನೆ ಅಳ್ದೆ ಅತ್ತಿಗೆ. ಅಭ್ಯಾಸ."

"ಪೂರ್ತಿ ಅಳಿ," ಎಂದಳು ದೊಡ್ಡಮ್ಮ. "ಅರ್ಧ ಅಳ್ದು ಬಿಟ್ರೆ ನಾಳೆ ಮತ್ತೆ ಬರ್ಬೇಕು."

ಅವನು ಅಳೆಯಲಿಲ್ಲ.

ವಾಪಸು ಬಂದ ಪೊಟ್ಟಣಗಳನ್ನು ಅವಳೇ ಕತ್ತರಿಸಿ ಬಿಚ್ಚಿದಳು. ಚಿಕ್ಕವಳನ್ನು ಕರೆದು, "ತಕ್ಕಡಿ ಇಲ್ಲಿ ತಂದಿಡು, ನನ್ ಪಕ್ಕಕ್ಕೆ, ಸೀಲ್ ಮಿಷನ್ನಿಗೆ ಅಂಟಿಸಿ," ಎಂದಳು. "ಮೊದ್ಲು ತೂಗೋದಲ್ಲ. ಕೊನೇಗೆ ತೂಗೋದು. ತೂಗಿದ ಕೂಡ್ಲೆ ಸೀಲು. ಮಧ್ಯ ನನ್ ಕೈ ಬರಬಾರ್ದು."

"ನಿಮ್ ಕೈ ಸುಮ್ನಿರುತ್ತಾ?"

"ಇರಲ್ಲ. ಅದಕ್ಕೇ ಹೇಳ್ತಿರೋದು."

ಇದ್ದದ್ದನ್ನೆಲ್ಲ ಹೊಸ ಚೀಲಗಳಿಗೆ ತುಂಬಿದರು. ಹಳೆಯ ದಿನಾಂಕವನ್ನೇ ಹಾಕಿ ಹೊಸ ಚೀಟಿ ಅಂಟಿಸಿದರು. ಕರಿದ ದಿನ ಬದಲಾಗುವುದಿಲ್ಲವಲ್ಲ. ದೊಡ್ಡಮ್ಮನ ಕೈ ಎರಡು ಸಲ ರಾಶಿಯ ಕಡೆ ಹೋಯಿತು, ಎರಡು ಸಲವೂ ಚಿಕ್ಕವಳು ಅಳತೆ ಕೋಲಿನಿಂದ ಮೆಲ್ಲಗೆ ತಟ್ಟಿದಳು. ಮಕ್ಕಳಿಗೆ ಅದೊಂದು ತಮಾಷೆಯಾಯಿತು. ಎಲ್ಲ ಮುಗಿದ ಮೇಲೆ ಕಾಗದದ ಮೇಲೆ ಒಂದು ಗುಡ್ಡೆ ಮಿಕ್ಕಿತ್ತು. ಅಷ್ಟೂ ಕೊಸರು. ದೊಡ್ಡಮ್ಮ ಅದನ್ನೇ ನೋಡುತ್ತಾ ಕೂತಳು. ಒಂದೊಂದು ಹಿಡಿಯಾಗಿ ಹಾಕುವಾಗ ಇಷ್ಟಿದೆ ಎಂದು ಗೊತ್ತೇ ಆಗಿರಲಿಲ್ಲ. ಒಂದು ದೊಡ್ಡ ಡಬ್ಬಿ ತುಂಬುವಷ್ಟಿತ್ತು.

"ಇದನ್ನ ಮನೇಲೇ ತಿನ್ನೋದಾ?" ಎಂದಳು ಚಿಕ್ಕವಳು.

"ಇದು ಕೊಳ್ಳೋರದ್ದು. ನಮ್ದಲ್ಲ," ಎಂದಳು ದೊಡ್ಡಮ್ಮ. ಕೈ ಒರೆಸಿಕೊಂಡು, "ಪೆನ್ನು ತಗೋ," ಎಂದಳು.

ಮುಂದಿನ ವಾರ ತಕ್ಕಡಿಯಪ್ಪನ ಕೌಂಟರಿನ ಮೇಲೆ ಎರಡನೇ ಪತ್ರ ಬಿತ್ತು. ಪಕ್ಕದಲ್ಲಿ ಆ ಗುಡ್ಡೆಯಷ್ಟೇ ಕಡ್ಡಿ ಹೊಸದಾಗಿ ಕರಿದು ತುಂಬಿದ, ಮುಚ್ಚಳ ಬಿಗಿಯಾದ ಗಾಜಿನ ಡಬ್ಬಿ, ಒಂದು ಸಣ್ಣ ಇಕ್ಕಳ. ಪತ್ರದಲ್ಲಿ ಹೆಚ್ಚೇನೂ ಇರಲಿಲ್ಲ. "ಇನ್ನು ಮುಂದೆ ಪೊಟ್ಟಣದಲ್ಲಿ ಚೀಟಿಯಲ್ಲಿ ಬರೆದಷ್ಟೇ ತೂಕ ಇರುತ್ತದೆ. ಕೊಸರು ಬೇರೆ ಡಬ್ಬಿಯಲ್ಲಿದೆ. ಪೊಟ್ಟಣ ಕೊಂಡವರಿಗೆಲ್ಲ ಅದರಿಂದ ಒಂದು ಕಡ್ಡಿ ಕೊಡತಕ್ಕದ್ದು. ಇದಕ್ಕೆ ಬೆಲೆ ಇಲ್ಲ, ಕಮಿಷನ್ನೂ ಇಲ್ಲ."

ತಕ್ಕಡಿಯಪ್ಪ ಮೊದಲು ಪೊಟ್ಟಣಗಳನ್ನು ತೂಗಿದ. ಒಂದು, ಎರಡು, ಆಮೇಲೆ ಮಧ್ಯದಿಂದ ಎಳೆದು ಇನ್ನೊಂದು. ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಡಬ್ಬಿ ನೋಡಿದ.

"ಕೊಡೋ ಕೆಲಸ ನಂದು, ಕಮಿಷನ್ ಇಲ್ವಾ?"

"ನೀವು ತಿಂದಿದ್ದೇ ಕಮಿಷನ್," ಎಂದಳು ಚಿಕ್ಕವಳು. "ಮೊದಲನೇ ಪತ್ರ ಓದುವಾಗ ಎಷ್ಟು ಕಡ್ಡಿ ಹೋಯ್ತು ಅಂತ ನಾನು ನೋಡಿದ್ದೀನಿ."

"ಮಕ್ಳು ಸುಮ್ನೆ ಬಂದು ಕೇಳಿದ್ರೆ?"

"ಅದು ಪತ್ರದಲ್ಲಿಲ್ಲ," ಎಂದಳು ದೊಡ್ಡಮ್ಮ. "ನಿಮಗೆ ಬಿಟ್ಟಿದ್ದು."

ಅವನು ಉತ್ತರ ಹೇಳುವಷ್ಟರಲ್ಲಿ ನರ್ಸಮ್ಮ ಬಂದಳು, ಕಣ್ಣಲ್ಲಿ ರಾತ್ರಿಯ ನಿದ್ದೆ. ಪೊಟ್ಟಣಗಳನ್ನು ಅಭ್ಯಾಸಬಲದಿಂದ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದಳು, ಇನ್ನೆರಡು ಹಿಡಿದಳು, ಸೋತು ಎದುರಿಗಿದ್ದದ್ದನ್ನು ತೆಗೆದುಕೊಂಡಳು. ತಕ್ಕಡಿಯಪ್ಪ ಡಬ್ಬಿಯ ಮುಚ್ಚಳ ತೆಗೆದು ಇಕ್ಕಳದಿಂದ ಒಂದು ಕಡ್ಡಿ ಎತ್ತಿದ. ಅದರ ಉದ್ದ ನೋಡಿದ. ಮನಸ್ಸು ತಡೆಯದೆ ಕಟಕ್ಕನೆ ಎರಡಾಗಿ ಮುರಿದು, ಒಂದು ತುಂಡನ್ನು ಡಬ್ಬಿಗೆ ವಾಪಸು ಹಾಕಿದ.

"ಏನಪ್ಪಾ ಅದು!" ದೊಡ್ಡಮ್ಮನ ದನಿ ಕ್ಯಾಂಟೀನಿನ ಕಾಲದ್ದು, ಹಿಂದಿನ ಸಾಲಿಗೂ ಕೇಳುವಂಥದ್ದು. "ಕೊಸರನ್ನ ಯಾರಾದ್ರೂ ಮುರಿದು ಕೊಡ್ತಾರೇನಪ್ಪ? ಇಡೀದು ಕೊಡಿ!"

ಅವನು ಇನ್ನರ್ಧವನ್ನೂ ಎತ್ತಿ ಕೊಟ್ಟ. ದೊಡ್ಡಮ್ಮ ನರ್ಸಮ್ಮನ ಮುಖ ನೋಡಿದಳು. ಡಬ್ಬಿಯನ್ನೂ ನೋಡಿದಳು. ಆಮೇಲೆ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿ ಕಟ್ಟಿಕೊಂಡು ನಿಂತಳು.

ಮನೆಗೆ ಬರುವ ದಾರಿಯಲ್ಲಿ ಚಿಕ್ಕವಳು, "ತಿಂಗಳು ಮುಗಿದ್ ಮೇಲೂ ತನ್ನಿ ಅಂದ್ರು, ಕೇಳಿಸ್ತಾ?" ಎಂದಳು.

"ಕೇಳಿಸ್ತು."

"ಹಾಗಾದ್ರೆ ಕೋಣೆ ಒಲೇದೇ."

"ಒಲೆ ಮಧ್ಯಾಹ್ನದ ಮೇಲೆ ತಣ್ಣಗಿರುತ್ತೆ," ಎಂದಳು ದೊಡ್ಡಮ್ಮ. "ಕಿಟಕಿ ಕಡೆ ಗೋಡೆಗೆ ಮಡಚೋ ಮೇಜು ಹಾಕಿಸು. ಹೊಗೆ ವಾಸನೆ ಬಟ್ಟೆಗೆ ಹಿಡಿಯುತ್ತೆ, ಪರದೆ ಕಟ್ಬೇಕು. ಅಳತೆ ನಿನ್ ಗಂಡನ್ನ ಕೇಳು. ಅರ್ಧ ಅಳ್ದು ಬಿಟ್ಟಿದ್ದಾನೆ."